ಕ್ರಮ ಮರೆತು ಎಣಿಕೆ ಹಿಡಿದಾಗ: ಅಕ್ಷರಪಲ್ಲಟ ಹುಡುಕುವ ಕಿಟಕಿ

ವಾಲ್ಮೀಕಿಯ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದೇ. ರಾಮನಾಮ ನಾಲಗೆಗೆ ಒಗ್ಗದ ಬೇಡನಿಗೆ ನಾರದರು ‘ಮರಾ’ ಎಂದು ಹೇಳಿಕೊಟ್ಟರಂತೆ. ಅವನು ಉಸಿರು ಬಿಡದೆ ‘ಮರಾಮರಾಮರಾ’ ಎನ್ನುತ್ತ ಹೋದ. ಕೇಳುವವರ ಕಿವಿಗೆ ಅದು ‘ರಾಮರಾಮ’ ಆಯಿತು. ಭಕ್ತಿಯ ಮಾತನ್ನು ಪಕ್ಕಕ್ಕಿಟ್ಟು ಅಕ್ಷರಗಳನ್ನಷ್ಟೇ ನೋಡಿ. ಆ ಸಾಲಿನಲ್ಲಿ ಪಕ್ಕಪಕ್ಕದ ಯಾವ ಎರಡು ಅಕ್ಷರ ಎತ್ತಿಕೊಂಡರೂ ಒಂದು ‘ರಾ’, ಒಂದು ‘ಮ’ ಸಿಗುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದಷ್ಟೇ ಬದಲಾಗುತ್ತದೆ.

ಹೀಗೆ ಅವವೇ ಅಕ್ಷರಗಳು ಅಷ್ಟಷ್ಟೇ ಸಲ ಬಂದು, ಕ್ರಮ ಮಾತ್ರ ಬದಲಾದ ಜೋಡಣೆಯನ್ನು ಅಕ್ಷರಪಲ್ಲಟ ಅಥವಾ ಅನಾಗ್ರಾಮ್ ಎನ್ನುತ್ತಾರೆ. ಕಂಪ್ಯೂಟರಿಗೆ ಇದನ್ನೇ ಒಂದು ಲೆಕ್ಕವಾಗಿ ಕೊಡಬಹುದು. ಒಂದು ಉದ್ದನೆಯ ಪಠ್ಯವಿದೆ, ಒಂದು ಚಿಕ್ಕ ಮಾದರಿ ಪದವಿದೆ. ಆ ಮಾದರಿಯ ಅಕ್ಷರಪಲ್ಲಟಗಳು ಪಠ್ಯದಲ್ಲಿ ಎಲ್ಲೆಲ್ಲಿ ಶುರುವಾಗುತ್ತವೆಯೋ ಆ ಸ್ಥಾನಗಳನ್ನೆಲ್ಲ ಒಂದನ್ನೂ ಬಿಡದೆ ಪಟ್ಟಿ ಮಾಡಬೇಕು. ಸಾಫ್ಟ್‌ವೇರ್ ಕೆಲಸದ ಸಂದರ್ಶನಕ್ಕೆ ತಯಾರಾಗುವವರು ಲೀಟ್‌ಕೋಡ್ ತಾಣದ 438ನೇ ಪ್ರಶ್ನೆಯಾಗಿ ಇದನ್ನು ಬಲ್ಲರು. ಅಲ್ಲಿ ಇರುವುದು ಇಂಗ್ಲಿಷಿನ 26 ಸಣ್ಣಕ್ಷರಗಳು ಮಾತ್ರ. ಇಲ್ಲಿ ಅದನ್ನು ಕನ್ನಡದ ಅಕ್ಷರಗಳಲ್ಲೇ ಬಿಡಿಸಿ ನೋಡೋಣ. ಉಪಾಯ ಎರಡಕ್ಕೂ ಒಂದೇ. ಆದರೆ ಕನ್ನಡಕ್ಕೆ ಬಂದಾಗ ಇಂಗ್ಲಿಷಿನವರಿಗೆ ಎದುರಾಗದ ಒಂದು ತೊಡಕು ಎದುರಾಗುತ್ತದೆ. ಅದನ್ನು ಕೊನೆಯಲ್ಲಿ ನೋಡುವೆವು.

ನಮ್ಮ ಉದಾಹರಣೆ

ಮಾದರಿ ಪದ ‘ಕಮಲ’ ಇರಲಿ. ಪಠ್ಯ ಈ ಹತ್ತು ಅಕ್ಷರಗಳದ್ದು:

ಮ ಲ ಕ ಮ ರ ಕ ಲ ಮ ಲ ಕ

ಪ್ರೋಗ್ರಾಂ ಬರೆಯುವವರು ಸ್ಥಾನಗಳನ್ನು ಒಂದರಿಂದಲ್ಲ, ಸೊನ್ನೆಯಿಂದ ಎಣಿಸುತ್ತಾರೆ. ಹಾಗಾಗಿ ಮೊದಲ ‘ಮ’ ಇರುವುದು 0ನೇ ಸ್ಥಾನದಲ್ಲಿ, ಕೊನೆಯ ‘ಕ’ ಇರುವುದು 9ನೇ ಸ್ಥಾನದಲ್ಲಿ. ಮಾದರಿಗೆ ಮೂರು ಅಕ್ಷರ ಇರುವುದರಿಂದ ಪಠ್ಯದಲ್ಲೂ ಮೂರು ಮೂರು ಅಕ್ಷರದ ತುಂಡುಗಳನ್ನೇ ನೋಡಬೇಕು. ಎರಡಕ್ಷರದ ತುಂಡಾಗಲಿ ನಾಲ್ಕಕ್ಷರದ ತುಂಡಾಗಲಿ ‘ಕಮಲ’ದ ಪಲ್ಲಟ ಆಗಲು ಸಾಧ್ಯವೇ ಇಲ್ಲ. 0ನೇ ಸ್ಥಾನದಿಂದ 7ನೇ ಸ್ಥಾನದವರೆಗೆ ಇಂಥ ಎಂಟು ತುಂಡುಗಳು ಸಿಗುತ್ತವೆ. ಕಣ್ಣಲ್ಲೇ ನೋಡಿದರೆ ಉತ್ತರ 0, 1, 5, 7. ಹತ್ತು ಅಕ್ಷರಕ್ಕೆ ಕಣ್ಣು ಸಾಕು, ಲಕ್ಷ ಅಕ್ಷರಕ್ಕೆ ಸಾಲದು.

ಮೊದಲು ಹೊಳೆಯುವ ದಾರಿಗಳು

ಮಾದರಿಯ ಎಲ್ಲ ಪಲ್ಲಟಗಳನ್ನೂ ಮೊದಲೇ ಬರೆದಿಟ್ಟುಕೊಂಡು ಒಂದೊಂದನ್ನೇ ಪಠ್ಯದಲ್ಲಿ ಹುಡುಕುವುದು ಮೊದಲು ಹೊಳೆಯುವ ದಾರಿ. ‘ಕಮಲ’ಕ್ಕೆ ಆರೇ ಪಲ್ಲಟಗಳಾದ್ದರಿಂದ ಕಷ್ಟವಿಲ್ಲ. ಹತ್ತು ಬೇರೆ ಬೇರೆ ಅಕ್ಷರಗಳ ಮಾದರಿಯಾದರೆ ಪಲ್ಲಟಗಳು 36,28,800. ಹದಿನೈದು ಅಕ್ಷರವಾದರೆ ಅವು ಒಂದು ಲಕ್ಷ ಮೂವತ್ತು ಸಾವಿರ ಕೋಟಿಯನ್ನು ದಾಟುತ್ತವೆ. ಅಲ್ಲಿಗೆ ಈ ದಾರಿ ಮುಚ್ಚಿತು.

ಎರಡನೆಯ ದಾರಿ ಇದಕ್ಕಿಂತ ಜಾಣತನದ್ದು. ಪಲ್ಲಟದಲ್ಲಿ ಕ್ರಮಕ್ಕೆ ಬೆಲೆಯಿಲ್ಲ ಎಂದಮೇಲೆ ಕ್ರಮವನ್ನು ನೆನಪಿಡುವುದಾದರೂ ಏಕೆ? ಮಾದರಿಯಲ್ಲಿ ಯಾವ ಅಕ್ಷರ ಎಷ್ಟು ಸಲ ಇದೆ ಎಂದು ಎಣಿಸಿದರಾಯಿತು. ‘ಕಮಲ’ದಲ್ಲಿ ಕ ಒಂದು, ಮ ಒಂದು, ಲ ಒಂದು. ಪಠ್ಯದ ಪ್ರತಿ ತುಂಡಿನಲ್ಲೂ ಹೀಗೇ ಎಣಿಸಿ, ಎರಡು ಎಣಿಕೆಗಳು ಸರಿಹೊಂದಿದರೆ ಅದು ಪಲ್ಲಟ. ಅಕ್ಷರಗಳ ಈ ಎಣಿಕೆಯ ಪಟ್ಟಿಗೆ ಗಣಕಶಾಸ್ತ್ರದಲ್ಲಿ ‘ಪಾರಿಖ್ ವೆಕ್ಟರ್’ ಎಂಬ ಹೆಸರಿದೆ. ಗುಜರಾತಿನ ಪಾಲನಪುರದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ತರ್ಕಶಾಸ್ತ್ರಜ್ಞ ರೋಹಿತ್ ಪಾರಿಖ್ ಅವರಿಂದ ಬಂದ ಹೆಸರು ಅದು. ಕ್ರಮವನ್ನು ಮರೆತು ಎಣಿಕೆಯನ್ನಷ್ಟೇ ಇಟ್ಟುಕೊಂಡರೆ ಒಂದು ಭಾಷೆಯ ರಚನೆಯಲ್ಲಿ ಏನು ಉಳಿಯುತ್ತದೆ ಎಂದು ಅವರು 1966ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದ್ದರು.

ಈ ದಾರಿ ಸರಿಯಾದ ಉತ್ತರ ಕೊಡುತ್ತದೆ, ಆದರೆ ದಂಡದ ಕೆಲಸ ಬಹಳ. ಪಠ್ಯದಲ್ಲಿ ಒಂದು ಲಕ್ಷ ಅಕ್ಷರ, ಮಾದರಿಯಲ್ಲಿ ಒಂದು ಸಾವಿರ ಅಕ್ಷರ ಇದೆ ಎನ್ನಿ. ತುಂಡುಗಳು 99,001. ಪ್ರತಿಯೊಂದರಲ್ಲೂ ಸಾವಿರ ಅಕ್ಷರ ಎಣಿಸಿದರೆ ಒಟ್ಟು ಎಣಿಕೆ ಸುಮಾರು ಒಂಬತ್ತು ಕೋಟಿ ತೊಂಬತ್ತು ಲಕ್ಷ. ಇದರಲ್ಲಿ ಬಹುಪಾಲು ಈಗಷ್ಟೇ ಎಣಿಸಿದ್ದನ್ನೇ ಮತ್ತೆ ಎಣಿಸುವುದು. ಒಂದು ತುಂಡಿನಿಂದ ಪಕ್ಕದ ತುಂಡಿಗೆ ಹೋದಾಗ ಸಾವಿರದಲ್ಲಿ 999 ಅಕ್ಷರಗಳು ಇದ್ದಲ್ಲೇ ಇರುತ್ತವೆ. ಎಡಗಡೆಯಿಂದ ಒಂದು ಹೊರಬೀಳುತ್ತದೆ, ಬಲಗಡೆಯಿಂದ ಒಂದು ಒಳಬರುತ್ತದೆ, ಅಷ್ಟೇ.

ಜಾರುವ ಕಿಟಕಿ

ಅಷ್ಟೇ ಬದಲಾವಣೆಯಾದರೆ ಲೆಕ್ಕದಲ್ಲೂ ಅಷ್ಟನ್ನೇ ತಿದ್ದಿದರೆ ಸಾಕು. ಪಠ್ಯದ ಮೇಲೆ ಮಾದರಿಯಷ್ಟೇ ಅಗಲದ ಒಂದು ಕಿಟಕಿ ಇಟ್ಟು ಅದನ್ನು ಒಂದೊಂದೇ ಸ್ಥಾನ ಬಲಕ್ಕೆ ಸರಿಸುತ್ತ ಹೋಗುತ್ತೇವೆ. ಒಳಬಂದ ಅಕ್ಷರಕ್ಕೆ ಒಂದು ತಿದ್ದುಪಡಿ, ಹೊರಹೋದ ಅಕ್ಷರಕ್ಕೆ ಒಂದು ತಿದ್ದುಪಡಿ. ಮೇಲಿನ ಲಕ್ಷ ಅಕ್ಷರದ ಉದಾಹರಣೆಯಲ್ಲಿ ಮೊದಲ ಕಿಟಕಿ ತುಂಬಲು ಸಾವಿರ, ಆಮೇಲೆ 99,000 ಸಲ ಸರಿಸಲು ತಲಾ ಎರಡು. ಒಟ್ಟು 1,99,000 ತಿದ್ದುಪಡಿಗಳು. ಒಂಬತ್ತು ಕೋಟಿ ತೊಂಬತ್ತು ಲಕ್ಷದ ಕೆಲಸ ಎರಡು ಲಕ್ಷದೊಳಗೆ ಮುಗಿಯಿತು. ಮಾದರಿ ಎಷ್ಟೇ ಉದ್ದವಾಗಲಿ, ಪಠ್ಯದ ಪ್ರತಿ ಅಕ್ಷರ ಹೆಚ್ಚೆಂದರೆ ಒಂದು ಸಲ ಒಳಬಂದು ಒಂದು ಸಲ ಹೊರಹೋಗುತ್ತದೆ. ಕಿಟಕಿಯ ಅಗಲ ನಿಗದಿಯಾಗಿರುವುದೇ ಇದರ ಬಲ.

ಒಂದು ಪ್ರಶ್ನೆ ಉಳಿಯಿತು. ಕಿಟಕಿಯ ಎಣಿಕೆ ಮತ್ತು ಮಾದರಿಯ ಎಣಿಕೆ ಸರಿಹೊಂದಿದವೇ ಎಂದು ಪ್ರತಿ ಹೆಜ್ಜೆಯಲ್ಲೂ ಇಡೀ ಪಟ್ಟಿಯನ್ನು ಹೋಲಿಸಿ ನೋಡಬೇಕೇ? ಇಂಗ್ಲಿಷಿಗೆ 26 ಹೋಲಿಕೆ ಸಾಕು, ಆದರೆ ಕಾಗುಣಿತ ಒತ್ತಕ್ಷರಗಳೆಲ್ಲ ಸೇರಿದ ಕನ್ನಡದಲ್ಲಿ ಪಟ್ಟಿ ಉದ್ದವಾಗುತ್ತದೆ. ಈ ಹೋಲಿಕೆಯನ್ನೂ ತಪ್ಪಿಸುವ ದಾರಿಯಿದೆ.

ಬಾಕಿಯ ಲೆಕ್ಕ

ಎರಡು ಪಟ್ಟಿ ಬೇಡ, ಒಂದೇ ಸಾಕು. ಅದಕ್ಕೆ ‘ಬಾಕಿ’ ಎನ್ನೋಣ. ಶುರುವಿನಲ್ಲಿ ಅದರಲ್ಲಿ ಮಾದರಿಯ ಎಣಿಕೆ ಇರುತ್ತದೆ: ಕ ಒಂದು ಬರಬೇಕು, ಮ ಒಂದು ಬರಬೇಕು, ಲ ಒಂದು ಬರಬೇಕು. ಕಿಟಕಿಯೊಳಗೆ ಒಂದು ಅಕ್ಷರ ಬಂದರೆ ಅದರ ಬಾಕಿ ಒಂದು ಇಳಿಯುತ್ತದೆ, ಹೊರಗೆ ಹೋದರೆ ಒಂದು ಏರುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಬಂದರೆ ಬಾಕಿ ಸೊನ್ನೆಯ ಕೆಳಗಿಳಿದು ಋಣಸಂಖ್ಯೆ ಆಗುತ್ತದೆ. ಮಾದರಿಯಲ್ಲೇ ಇಲ್ಲದ ‘ರ’ದಂಥ ಅಕ್ಷರ ಬಂದರೂ ಹೋದರೂ ಈ ಪಟ್ಟಿಯನ್ನು ಮುಟ್ಟುವುದೇ ಇಲ್ಲ.

ಇದರ ಜೊತೆಗೆ ಇನ್ನೊಂದೇ ಒಂದು ಸಂಖ್ಯೆ ಇಟ್ಟುಕೊಳ್ಳುತ್ತೇವೆ. ಎಷ್ಟು ಬಗೆಯ ಅಕ್ಷರಗಳು ಇನ್ನೂ ಬರಬೇಕಿವೆ, ಅಂದರೆ ಎಷ್ಟು ಬಗೆಗಳ ಬಾಕಿ ಸೊನ್ನೆಗಿಂತ ಮೇಲಿದೆ ಎಂಬುದು. ಇದು ‘ಕೊರತೆ’. ‘ಕಮಲ’ಕ್ಕೆ ಶುರುವಿನ ಕೊರತೆ ಮೂರು. ಯಾವುದಾದರೂ ಬಾಕಿ ಒಂದರಿಂದ ಸೊನ್ನೆಗಿಳಿದರೆ ಕೊರತೆ ಒಂದು ಕಡಿಮೆ. ಸೊನ್ನೆಯಿಂದ ಒಂದಕ್ಕೇರಿದರೆ ಕೊರತೆ ಒಂದು ಹೆಚ್ಚು. ಕಿಟಕಿ ಸರಿದು ನಿಂತಾಗ ಕೊರತೆ ಸೊನ್ನೆಯಾಗಿದ್ದರೆ ಅಲ್ಲೊಂದು ಪಲ್ಲಟ ಸಿಕ್ಕಿತು.

ಇಲ್ಲಿ ಸೂಕ್ಷ್ಮ ಓದುಗರಿಗೆ ಒಂದು ಅನುಮಾನ ಬರಬೇಕು. ಕೊರತೆಯನ್ನು ಮಾತ್ರ ನೋಡುತ್ತಿದ್ದೇವೆ; ಯಾವುದಾದರೂ ಅಕ್ಷರ ಹೆಚ್ಚಾಗಿದ್ದರೆ? ಮಾದರಿಯಲ್ಲಿ ಇಲ್ಲದ ಅಕ್ಷರ ಒಳಗೆ ಸೇರಿಕೊಂಡಿದ್ದರೆ? ಅದನ್ನು ಪರೀಕ್ಷಿಸುವುದು ಬೇಡವೇ? ಬೇಡ. ಕಿಟಕಿಯಲ್ಲಿ ಇರುವುದು ಮೂರೇ ಜಾಗ, ಬರಬೇಕಾದ್ದೂ ಮೂರೇ ಅಕ್ಷರ. ಒಂದು ಜಾಗವನ್ನು ಬೇಡದ ಅಕ್ಷರವೋ ಹೆಚ್ಚಿನ ಅಕ್ಷರವೋ ಹಿಡಿದುಕೊಂಡರೆ ಬೇಕಾದ ಯಾವುದೋ ಒಂದಕ್ಕೆ ಜಾಗ ಸಿಗುವುದಿಲ್ಲ, ಅದು ಕೊರತೆಯಾಗಿ ಕಾಣಿಸಿಕೊಳ್ಳಲೇಬೇಕು. ಆದ್ದರಿಂದ ಕೊರತೆ ಸೊನ್ನೆ ಎಂದರೆ ಹೆಚ್ಚೂ ಸೊನ್ನೆ ಎಂದೇ ಅರ್ಥ. ಕಿಟಕಿಯ ಅಗಲ ಮಾದರಿಯ ಉದ್ದಕ್ಕೆ ಸಮವಾಗಿರುವವರೆಗೆ ಮಾತ್ರ ಈ ಮಾತು ನಿಜ. ಅಗಲ ಒಂದು ಹೆಚ್ಚಾದರೂ ಸುಳ್ಳಾಗುತ್ತದೆ ಎಂಬುದನ್ನು ಸ್ವಲ್ಪದರಲ್ಲೇ ಕಾಣುತ್ತೇವೆ.

ಹೆಜ್ಜೆ ಹೆಜ್ಜೆಯಾಗಿ

ಈಗ ನಮ್ಮ ಹತ್ತು ಅಕ್ಷರಗಳ ಮೇಲೆ ಕಿಟಕಿಯನ್ನು ಸರಿಸೋಣ. ಮೊದಲ ಮೂರು, ಅಂದರೆ ಮ, ಲ, ಕ, ಒಳಬರುವಾಗ ಒಂದೊಂದಕ್ಕೂ ಬಾಕಿ ಸೊನ್ನೆಯಾಗುತ್ತ ಕೊರತೆ ಮೂರರಿಂದ ಎರಡು, ಒಂದು, ಸೊನ್ನೆಗೆ ಇಳಿಯುತ್ತದೆ. 0ನೇ ಸ್ಥಾನ ಉತ್ತರಕ್ಕೆ ಸೇರಿತು.

ಮುಂದೆ 3ನೇ ಸ್ಥಾನದ ಮ ಒಳಬರುತ್ತದೆ, ಅದರ ಬಾಕಿ ಋಣ ಒಂದು. ಒಡನೆಯೇ 0ನೇ ಸ್ಥಾನದ ಮ ಹೊರಬೀಳುತ್ತದೆ, ಬಾಕಿ ಮತ್ತೆ ಸೊನ್ನೆ. ಕೊರತೆ ಅಲುಗಲೇ ಇಲ್ಲ. ಹೋದದ್ದೂ ಬಂದದ್ದೂ ಒಂದೇ ಆದ್ದರಿಂದ ‘ಲಕಮ’ವೂ ಪಲ್ಲಟವೇ. 1ನೇ ಸ್ಥಾನವೂ ಸೇರಿತು.

4ನೇ ಸ್ಥಾನದ ರ ಒಳಬಂದರೆ ಪಟ್ಟಿಯಲ್ಲಿ ಅದಕ್ಕೆ ಲೆಕ್ಕವಿಲ್ಲ. ಆದರೆ ಅದಕ್ಕೆ ಜಾಗ ಬಿಟ್ಟು ಹೊರಟದ್ದು ಲ. ಲ-ದ ಬಾಕಿ ಒಂದಾಯಿತು, ಕೊರತೆ ಒಂದು. ‘ಕಮರ’ ಉತ್ತರವಲ್ಲ. ಮುಂದಿನ ಹೆಜ್ಜೆಯಲ್ಲಿ ಒಂದು ಕ ಬಂದು ಇನ್ನೊಂದು ಕ ಹೋಗುತ್ತದೆ, ಕೊರತೆ ಹಾಗೇ ಉಳಿಯುತ್ತದೆ. ‘ಮರಕ’ದಲ್ಲಿ ಇನ್ನೂ ಲ ಇಲ್ಲ. 6ನೇ ಸ್ಥಾನದ ಲ ಬಂದಾಗ ಆ ಬಾಕಿ ತೀರುತ್ತದೆ, ಆದರೆ ಅದೇ ಹೆಜ್ಜೆಯಲ್ಲಿ ಮ ಹೊರಹೋಗಿ ಹೊಸ ಕೊರತೆ ಹುಟ್ಟುತ್ತದೆ. ‘ರಕಲ’ ಕೂಡ ಉತ್ತರವಲ್ಲ.

7ನೇ ಸ್ಥಾನದ ಮ ಒಳಬಂತು, ರ ಹೊರಹೋಯಿತು, ಕೊರತೆ ಸೊನ್ನೆ. ಕಿಟಕಿಯಲ್ಲಿ ‘ಕಲಮ’ ಇದೆ, ಅದು ಶುರುವಾಗುವುದು 5ನೇ ಸ್ಥಾನದಲ್ಲಿ. ಆಮೇಲೆ ಲ ಬಂದು ಕ ಹೋಗುತ್ತದೆ. ‘ಲಮಲ’ದಲ್ಲಿ ಲ-ದ ಬಾಕಿ ಋಣ ಒಂದು, ಕ-ದ ಬಾಕಿ ಒಂದು. ಒಂದು ಹೆಚ್ಚಾದದ್ದು ಇನ್ನೊಂದರ ಕೊರತೆಯಾಗಿ ತೋರಿದ್ದನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಕೊನೆಯ ಹೆಜ್ಜೆಯಲ್ಲಿ ಕ ಬಂದು ಹೆಚ್ಚಿನ ಲ ಹೊರಹೋಗುತ್ತದೆ, ಎಲ್ಲ ಬಾಕಿಯೂ ಸೊನ್ನೆ. 7ನೇ ಸ್ಥಾನವೂ ಸೇರಿ ಉತ್ತರ ಪೂರ್ಣವಾಯಿತು: 0, 1, 5, 7.

ಇದೇ ಮಾತನ್ನು ಪೈಥಾನ್ ಭಾಷೆಯಲ್ಲಿ ಬರೆದರೆ ಹೀಗಿರುತ್ತದೆ:

```python
def find_anagrams(s, p):
    k = len(p)
    if k == 0:
        return []
    baki = {}
    for ch in p:
        baki[ch] = baki.get(ch, 0) + 1
    korate = len(baki)
    result = []
    for i, ch in enumerate(s):
        if ch in baki:
            baki[ch] -= 1
            if baki[ch] == 0:
                korate -= 1
        if i >= k:
            old = s[i - k]
            if old in baki:
                baki[old] += 1
                if baki[old] == 1:
                    korate += 1
        if korate == 0:
            result.append(i - k + 1)
    return result
```

`s` ಪಠ್ಯ, `p` ಮಾದರಿ, `k` ಕಿಟಕಿಯ ಅಗಲ. `i` ಎಂಬುದು ಈಗ ಒಳಬಂದ ಅಕ್ಷರದ ಸ್ಥಾನ, ಅಂದರೆ ಕಿಟಕಿಯ ಬಲತುದಿ. ನಮಗೆ ಬೇಕಾದ್ದು ಎಡತುದಿ, ಆದ್ದರಿಂದ ಉತ್ತರಕ್ಕೆ ಸೇರಿಸುವಾಗ `i - k + 1` ಎಂದು ಬರೆದಿದೆ. ಕಿಟಕಿ ಇನ್ನೂ ಪೂರ್ತಿ ತುಂಬದಿರುವಾಗ ತಪ್ಪು ಉತ್ತರ ಬರಬಹುದೇ ಎಂಬ ಭಯ ಬೇಡ. ಒಳಗಿರುವ ಅಕ್ಷರಗಳೇ ಕಡಿಮೆ ಇರುವಾಗ ಕೊರತೆ ಸೊನ್ನೆಯಾಗುವಂತಿಲ್ಲ. ಮಾದರಿ ಪಠ್ಯಕ್ಕಿಂತ ಉದ್ದವಿದ್ದರೆ ಇದೇ ಕಾರಣಕ್ಕೆ ಖಾಲಿ ಪಟ್ಟಿ ಬರುತ್ತದೆ.

ಪಠ್ಯ ಎಷ್ಟೇ ದೊಡ್ಡದಿರಲಿ, ಬಾಕಿಯ ಪಟ್ಟಿಯಲ್ಲಿ ಇರುವುದು ಮಾದರಿಯಲ್ಲಿನ ಅಕ್ಷರಗಳ ಬಗೆಗಳು ಮಾತ್ರ. ಪಠ್ಯ ಒಂದೇ ಸಲಕ್ಕೆ ಸಿಗದೆ ಅಕ್ಷರ ಅಕ್ಷರವಾಗಿ ಹರಿದು ಬರುತ್ತಿದ್ದರೂ ಕೆಲಸ ನಡೆಯುತ್ತದೆ. ಆದರೆ ಹೊರಹೋಗಬೇಕಾದ ಅಕ್ಷರ ಯಾವುದೆಂದು ತಿಳಿದಿರಬೇಕಾದ್ದರಿಂದ ಕಡೆಯ `k` ಅಕ್ಷರಗಳನ್ನು ಎಲ್ಲಾದರೂ ಉಳಿಸಿಟ್ಟುಕೊಂಡಿರಬೇಕು.

ಎಲ್ಲಿ ಎಡವುತ್ತಾರೆ

ಹೊಸಬರು ಹೆಚ್ಚಾಗಿ ಎಡವುವುದು ಪರೀಕ್ಷೆಯ ಹೊತ್ತಿನಲ್ಲಿ. ಹೊಸ ಅಕ್ಷರ ಒಳಬಂದ ಕೂಡಲೇ, ಹಳೆಯದು ಹೊರಹೋಗುವ ಮೊದಲೇ ಕೊರತೆಯನ್ನು ನೋಡಿಬಿಡುತ್ತಾರೆ. ಆ ಗಳಿಗೆಯಲ್ಲಿ ಕಿಟಕಿಯಲ್ಲಿ ಮೂರಲ್ಲ, ನಾಲ್ಕು ಅಕ್ಷರಗಳಿರುತ್ತವೆ. ಅಗಲ ಹೆಚ್ಚಾದರೆ ಕೊರತೆಯ ಮಾತು ಸುಳ್ಳಾಗುತ್ತದೆ ಎಂದದ್ದು ಇದಕ್ಕೇ. ನಮ್ಮ ಉದಾಹರಣೆಯನ್ನೇ ಹಾಗೆ ಓಡಿಸಿದರೆ 0, 1, 5, 7ರ ಬದಲು 0, 1, 2, 4, 5, 6, 7 ಎಂದು ಏಳು ಉತ್ತರ ಬರುತ್ತದೆ. 4ನೇ ಸ್ಥಾನದಿಂದ ‘ರಕಲ’ ಇದೆ. ಅದರಲ್ಲಿ ಮ ಇಲ್ಲವೇ ಇಲ್ಲ. ಹೊರಹೋಗಬೇಕಿದ್ದ ಮ ಇನ್ನೂ ಒಳಗೇ ಇದ್ದುದರಿಂದ ಲೆಕ್ಕ ಸರಿಹೊಂದಿದಂತೆ ಕಂಡಿತು. ಉತ್ತರದ ಪಟ್ಟಿಯಲ್ಲಿ ಮಾದರಿಗೆ ಸಂಬಂಧವಿಲ್ಲದ ಅಕ್ಷರವಿರುವ ತುಂಡು ಕಾಣಿಸಿಕೊಂಡರೆ ಮೊದಲು ಅನುಮಾನಿಸಬೇಕಾದ್ದು ಈ ತಪ್ಪನ್ನು.

ಇನ್ನು ಕೆಲವರು ಒಂದು ಪಲ್ಲಟ ಸಿಕ್ಕ ಮೇಲೆ ಅದನ್ನು ಪೂರ್ತಿ ದಾಟಿ ಮುಂದಕ್ಕೆ ಹಾರುತ್ತಾರೆ. ಆಗ ಉತ್ತರ 0 ಮತ್ತು 5 ಎರಡಕ್ಕೇ ನಿಲ್ಲುತ್ತದೆ. ಒಂದರ ಮೇಲೊಂದು ಬಿದ್ದಿರುವ 1 ಮತ್ತು 7 ತಪ್ಪಿಹೋಗುತ್ತವೆ. ಎಲ್ಲ ಸ್ಥಾನಗಳೂ ಬೇಕು ಎಂದು ಕೇಳಿರುವಾಗ ಹಾರುವಂತಿಲ್ಲ.

ಎಣಿಕೆಯ ಬದಲು ‘ಯಾವ ಯಾವ ಅಕ್ಷರಗಳಿವೆ’ ಎಂದಷ್ಟೇ ನೋಡುವುದು ಮೂರನೆಯ ತಪ್ಪು. ‘ಕಮಲ’ದಂಥ ಮಾದರಿಯಲ್ಲಿ ಪ್ರತಿ ಅಕ್ಷರ ಒಂದೇ ಸಲ ಬರುವುದರಿಂದ ಈ ತಪ್ಪು ಬೆಳಕಿಗೆ ಬರುವುದಿಲ್ಲ. ಮಾದರಿ ‘ಕನಕ’, ಪಠ್ಯ ‘ನಕನಕಕ’ ಎಂದು ತೆಗೆದುಕೊಳ್ಳಿ. 0ನೇ ಸ್ಥಾನದ ‘ನಕನ’ದಲ್ಲೂ ಇರುವುದು ಕ ಮತ್ತು ನ ಮಾತ್ರ, ಆದರೆ ಎರಡು ಬೇಕಾದ ಕ ಒಂದೇ ಇದೆ. ಸರಿಯಾದ ಉತ್ತರ 1 ಮತ್ತು 2. ಹಾಗಾಗಿ ಪ್ರೋಗ್ರಾಂ ಪರೀಕ್ಷಿಸುವಾಗ ಮರುಕಳಿಸುವ ಅಕ್ಷರವಿರುವ ಮಾದರಿಯೊಂದನ್ನು ಕೊಟ್ಟು ನೋಡಲೇಬೇಕು.

ಎಣಿಕೆಯ ತಂಟೆಯೇ ಬೇಡ, ಅಕ್ಷರಗಳ ಸಂಕೇತಸಂಖ್ಯೆಗಳನ್ನು ಕೂಡಿ ಮೊತ್ತ ಹೋಲಿಸೋಣ ಎನ್ನುವವರೂ ಇದ್ದಾರೆ. ಯೂನಿಕೋಡ್‌ನಲ್ಲಿ ಕ, ಖ, ಗ ಅಕ್ಷರಗಳ ಸಂಖ್ಯೆಗಳು ಕ್ರಮವಾಗಿ 3221, 3222, 3223. ‘ಕಗ’ದ ಮೊತ್ತವೂ ‘ಖಖ’ದ ಮೊತ್ತವೂ 6444. ಮೊತ್ತ ಒಂದೇ ಆದಮಾತ್ರಕ್ಕೆ ಅಕ್ಷರಗಳು ಒಂದೇ ಆಗುವುದಿಲ್ಲ.

ಇವೆಲ್ಲವನ್ನೂ ಹಿಡಿಯಲು ಒಂದು ಸುಲಭ ಉಪಾಯವಿದೆ. ನಿಧಾನವಾದರೂ ತಪ್ಪಾಗಲು ಆಸ್ಪದವಿಲ್ಲದ ಇನ್ನೊಂದು ಪ್ರೋಗ್ರಾಂ ಬರೆದಿಟ್ಟುಕೊಳ್ಳುವುದು. ಪ್ರತಿ ತುಂಡನ್ನೂ ಮಾದರಿಯನ್ನೂ ಅಕ್ಷರಾನುಕ್ರಮದಲ್ಲಿ ಜೋಡಿಸಿ ಹೋಲಿಸಿದರೆ ಆಯಿತು:

```python
def slow(s, p):
    k = len(p)
    return [j for j in range(len(s) - k + 1)
            if sorted(s[j:j+k]) == sorted(p)]
```

ಎರಡು ಮೂರು ಬಗೆಯ ಅಕ್ಷರಗಳನ್ನಷ್ಟೇ ಬಳಸಿ, ಮನಬಂದಂತೆ ಜೋಡಿಸಿದ ಸಣ್ಣ ಸಣ್ಣ ಪಠ್ಯಗಳನ್ನು ಎರಡಕ್ಕೂ ಕೊಟ್ಟು ಉತ್ತರ ಹೋಲಿಸಬೇಕು. ಅಕ್ಷರಗಳ ಬಗೆ ಕಡಿಮೆಯಿದ್ದಷ್ಟೂ ಪಲ್ಲಟಗಳು, ಮರುಕಳಿಕೆಗಳು, ಒಂದರ ಮೇಲೊಂದು ಬೀಳುವ ತುಂಡುಗಳು ಹೆಚ್ಚು ಸಿಗುತ್ತವೆ, ತಪ್ಪುಗಳೂ ಬೇಗ ಹೊರಬೀಳುತ್ತವೆ.

ಕನ್ನಡದ ಅಕ್ಷರ, ಕಂಪ್ಯೂಟರಿನ ಅಕ್ಷರ

ಇಲ್ಲಿಯವರೆಗೆ ಗುಣಿತವಿಲ್ಲದ, ಒತ್ತಿಲ್ಲದ ಅಕ್ಷರಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಅಲ್ಲಿ ಸಂಖ್ಯೆ ಸಿಕ್ಕಿರುವುದು ನಾವು ಅಕ್ಷರ ಎಂದು ಓದುವ ಪ್ರತಿಯೊಂದಕ್ಕೂ ಅಲ್ಲ. ವ್ಯಂಜನಕ್ಕೊಂದು ಸಂಕೇತ, ಕಾಗುಣಿತದ ಚಿಹ್ನೆಗೆ ಬೇರೊಂದು ಸಂಕೇತ, ಒತ್ತು ಮೂಡಿಸುವ ಹಲಂತಕ್ಕೆ ಇನ್ನೊಂದು. ‘ಕನ್ನಡ’ ಎಂಬುದನ್ನು ನಾವು ಮೂರು ಅಕ್ಷರ ಎಂದು ಎಣಿಸಿದರೆ ಪೈಥಾನ್‌ನ `len` ಐದು ಎನ್ನುತ್ತದೆ: ಕ, ನ, ಹಲಂತ, ನ, ಡ.

ಇದರಿಂದ ಪಲ್ಲಟದ ಲೆಕ್ಕ ಹೇಗೆ ಕೆಡುತ್ತದೆ ಎಂಬುದಕ್ಕೆ ‘ರಾಮ’ ಪದವೇ ಸಾಕ್ಷಿ. ಕಂಪ್ಯೂಟರಿಗೆ ಅದು ರ, ಆಕಾರದ ಚಿಹ್ನೆ, ಮ ಎಂಬ ಮೂರು ಸಂಕೇತ. ‘ಮಾರ’ ಎಂಬುದು ಮ, ಆಕಾರದ ಚಿಹ್ನೆ, ರ. ಎಣಿಕೆ ಎರಡಕ್ಕೂ ಒಂದೇ, ಹಾಗಾಗಿ ಮೇಲಿನ ಪ್ರೋಗ್ರಾಂ ‘ಮಾರ’ವನ್ನು ‘ರಾಮ’ದ ಪಲ್ಲಟ ಎಂದುಬಿಡುತ್ತದೆ. ನಮ್ಮ ಎಣಿಕೆಯಲ್ಲಿ ಒಂದು ಪದದಲ್ಲಿರುವುದು ‘ರಾ’ ಮತ್ತು ‘ಮ’, ಇನ್ನೊಂದರಲ್ಲಿರುವುದು ‘ಮಾ’ ಮತ್ತು ‘ರ’. ಒಂದೇ ಒಂದು ಅಕ್ಷರವೂ ಹೊಂದುವುದಿಲ್ಲ.

ಸ್ಥಾನಗಳೂ ದಾರಿ ತಪ್ಪುತ್ತವೆ. ‘ಮರಾಮರಾ’ ಎಂಬಲ್ಲಿ ‘ರಾಮ’ವನ್ನು ಸಂಕೇತಗಳ ಲೆಕ್ಕದಲ್ಲಿ ಹುಡುಕಿದರೆ 0, 1, 2, 3 ಎಂದು ನಾಲ್ಕು ಉತ್ತರ ಬರುತ್ತದೆ. ಅದರಲ್ಲಿ 2ನೇ ಸ್ಥಾನದ ತುಂಡು ಶುರುವಾಗುವುದೇ ‘ರಾ’ದ ನಡುವಿನಿಂದ, ವ್ಯಂಜನವಿಲ್ಲದ ಬರೀ ಆಕಾರದ ಚಿಹ್ನೆಯಿಂದ. ಅಕ್ಷರಗಳ ಲೆಕ್ಕದಲ್ಲಿ ಪಠ್ಯ ಮ, ರಾ, ಮ, ರಾ ಎಂಬ ನಾಲ್ಕೇ ಅಕ್ಷರದ್ದು, ಕಿಟಕಿಯ ಅಗಲ ಎರಡು, ಸರಿಯಾದ ಉತ್ತರ 0, 1, 2.

ಪರಿಹಾರಕ್ಕಾಗಿ ಹುಡುಕುವ ವಿಧಾನವನ್ನು ಬದಲಿಸಬೇಕಾಗಿಲ್ಲ. ಪಠ್ಯವನ್ನೂ ಮಾದರಿಯನ್ನೂ ಮೊದಲು ಅಕ್ಷರಗಳ ಪಟ್ಟಿಯಾಗಿ ಒಡೆದು ಆ ಪಟ್ಟಿಗಳನ್ನೇ `find_anagrams`ಗೆ ಕೊಟ್ಟರೆ ಸಾಕು, ಪ್ರೋಗ್ರಾಂನ ಒಂದು ಸಾಲೂ ತಿದ್ದಬೇಕಿಲ್ಲ. ಒಡೆಯುವ ನಿಯಮ ಸರಳ: ವ್ಯಂಜನದ ಹಿಂದೆ ಹಲಂತ, ಅದರ ಹಿಂದೆ ಮತ್ತೊಂದು ವ್ಯಂಜನ ಬಂದರೆ ಅವು ಒಂದೇ ಅಕ್ಷರ, ಅದಕ್ಕೆ ಅಂಟಿದ ಕಾಗುಣಿತದ ಚಿಹ್ನೆ, ಅನುಸ್ವಾರ, ವಿಸರ್ಗಗಳೂ ಅದರೊಳಗೇ. ಸಿದ್ಧ ಲೈಬ್ರರಿಗಳನ್ನು ಬಳಸುವವರು ‘ಕನ್ನಡ’ ಪದ ಕೊಟ್ಟು ಮೂರು ತುಂಡು ಬರುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ‘ನ್’ ಮತ್ತು ‘ನ’ವನ್ನು ಬೇರೆ ಮಾಡಿ ನಾಲ್ಕು ತುಂಡು ಕೊಡುವವೂ ಇವೆ.

ಕಣ್ಣಿಗೆ ಕಾಣದ ಎರಡು ತೊಡಕುಗಳು ಇನ್ನೂ ಇವೆ. ‘ಕೊ’ದಲ್ಲಿರುವ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಎಣಿಕೆಯಲ್ಲಿ ಬೇರೆ ಬೇರೆ. ಪೈಥಾನ್‌ನಲ್ಲಿ `unicodedata.normalize("NFC", text)` ಎಂದರೆ ಎಲ್ಲವೂ ಒಂದೇ ರೂಪಕ್ಕೆ ಬರುತ್ತವೆ. ಎರಡನೆಯದು ‘ಸಾಫ್ಟ್‌ವೇರ್’ನಂಥ ಪದಗಳಲ್ಲಿ ‘ಟ್’ ಮುಂದಿನ ಅಕ್ಷರಕ್ಕೆ ಒತ್ತಾಗಿ ಅಂಟದಂತೆ ನಡುವೆ ಹಾಕುವ ಅದೃಶ್ಯ ಸಂಕೇತ, U+200C. ಅದಿದ್ದರೆ ಪದಕ್ಕೆ ಹನ್ನೊಂದು ಸಂಕೇತ, ಇಲ್ಲದಿದ್ದರೆ ಹತ್ತು. ಅದನ್ನು ಮೊದಲೇ ಅಳಿಸಿಹಾಕಿದರೆ ‘ಟ್’ ಮತ್ತು ‘ವೇ’ ಕೂಡಿಕೊಂಡು ಒಂದೇ ಅಕ್ಷರವಾಗಿಬಿಡುತ್ತವೆ. ಆದ್ದರಿಂದ ಮೊದಲು ಅಕ್ಷರಗಳಾಗಿ ಒಡೆಯಬೇಕು, ಆಮೇಲೆ ಪ್ರತಿ ತುಂಡಿನಿಂದ ಅದನ್ನು ತೆಗೆಯಬೇಕು. ಪಠ್ಯಕ್ಕೂ ಮಾದರಿಗೂ ಇದೇ ಕ್ರಮ ಅನ್ವಯಿಸಬೇಕು.

ಇದರ ಮಿತಿ

ಒಂದು ಮಾದರಿಗೆ ಪಠ್ಯದ ಮೇಲೆ ಒಂದು ಸಲ ಹಾಯುವುದು ಈ ವಿಧಾನದ ಲೆಕ್ಕಾಚಾರ. ಅದೇ ಪಠ್ಯದಲ್ಲಿ ಸಾವಿರ ಬೇರೆ ಬೇರೆ ಮಾದರಿಗಳನ್ನು ಹುಡುಕಬೇಕಾದರೆ ಸಾವಿರ ಸಲ ಹಾಯಬೇಕು. ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಡಿಎನ್‌ಎ ಸರಣಿಗಳಲ್ಲಿ ಇಂತಿಷ್ಟು ಎಣಿಕೆಯ ತುಂಡು ಎಲ್ಲಿದೆ ಎಂದು ಹುಡುಕುವವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಪಠ್ಯವನ್ನು ಮೊದಲೇ ಸಿದ್ಧಪಡಿಸಿಟ್ಟು ಪ್ರತಿ ಪ್ರಶ್ನೆಗೂ ಥಟ್ಟನೆ ಉತ್ತರ ಕೊಡುವುದು ಸಾಮಾನ್ಯ ಪದಹುಡುಕಾಟದಷ್ಟು ಸುಲಭವಲ್ಲ. ಅದು ಇಂದಿಗೂ ಸಂಶೋಧಕರು ತಲೆಕೆಡಿಸಿಕೊಳ್ಳುವ ವಿಷಯ. ಒಂದಕ್ಷರ ತಪ್ಪಿದ್ದರೂ ಪರವಾಗಿಲ್ಲ ಎನ್ನುವ ಹುಡುಕಾಟಕ್ಕೂ ‘ಕೊರತೆ ಸೊನ್ನೆಯೇ’ ಎಂಬ ಪರೀಕ್ಷೆ ಸಾಲದು. ಆಗ ಬಾಕಿಗಳನ್ನು ಕೂಡಿ ನೋಡಬೇಕಾಗುತ್ತದೆ.

ಒಂದು ಪಠ್ಯ, ಒಂದು ಮಾದರಿ ಎಂಬಲ್ಲಿ ಮಾತ್ರ ಇದಕ್ಕಿಂತ ಮೂಲಭೂತವಾಗಿ ವೇಗದ ದಾರಿ ಬೇಕಾಗಿಲ್ಲ. ಇಂಗ್ಲಿಷಿನ ಪಠ್ಯವಾದರೆ ಮೇಲಿನ ಪ್ರೋಗ್ರಾಂ ಹಾಗೇ ಸಾಕು. ಕನ್ನಡದ ಪಠ್ಯವಾದರೆ ಮೂರು ಕೆಲಸಗಳನ್ನು ಈ ಕ್ರಮದಲ್ಲೇ ಮಾಡಿ: NFC ರೂಪಕ್ಕೆ ತನ್ನಿ, ಅಕ್ಷರಗಳಾಗಿ ಒಡೆಯಿರಿ, ಆಮೇಲೆ ಕಿಟಕಿಯನ್ನು ಸರಿಸಿ. ಮೊದಲೆರಡನ್ನು ಬಿಟ್ಟರೆ ಕಂಪ್ಯೂಟರು ದೋಷವನ್ನೇನೂ ತೋರಿಸುವುದಿಲ್ಲ, ತಪ್ಪು ಉತ್ತರವನ್ನೇ ಅಷ್ಟೇ ವೇಗವಾಗಿ ಕೊಡುತ್ತದೆ.